ಹಿಂದಕ್ಕೆ ಬೀಸುವಾಗ ಎತ್ತದ ರೆಕ್ಕೆ: ಹಮ್ಮಿಂಗ್‌ಬರ್ಡ್ ಮಾದರಿ ಎಲ್ಲಿಗೆ ಬಂತು

ಗೇರು, ಕ್ರ್ಯಾಂಕು, ಮೋಟಾರು ಎಲ್ಲ ಕೂತಾಗಿದೆ. ಆ ಭಾಗ ರೆಕ್ಕೆ ಬಡಿಯುವ ಮಾದರಿ ಕಟ್ಟುವವರಿಗೆ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ. ಈ ಸಲದ ಸುದ್ದಿ ಒಂದೇ: ರೆಕ್ಕೆ ಈಗ ಮುಂದಕ್ಕೆ ಬೀಸುವಾಗಲೂ ಎತ್ತುತ್ತದೆ, ಹಿಂದಕ್ಕೆ ಬೀಸುವಾಗಲೂ ಎತ್ತುತ್ತದೆ. ಇಷ್ಟು ದಿನ ಕೆಲಸ ನಿಂತಿದ್ದದ್ದು ಆ ಎರಡನೆಯದರ ಹತ್ತಿರ.

ನಿಂತಲ್ಲೇ ಹಾರುವ ಹಮ್ಮಿಂಗ್‌ಬರ್ಡ್ ರೆಕ್ಕೆಯನ್ನು ಮೇಲೆ ಕೆಳಗೆ ಬಡಿಯುವುದಿಲ್ಲ. ಮೈಯನ್ನು ಹೆಚ್ಚುಕಡಿಮೆ ನೆಟ್ಟಗೆ ಹಿಡಿದು, ರೆಕ್ಕೆಯನ್ನು ಮುಂದಕ್ಕೂ ಹಿಂದಕ್ಕೂ ಬೀಸುತ್ತದೆ. ತುದಿ ಗಾಳಿಯಲ್ಲಿ ಅಡ್ಡ ಮಲಗಿದ 8 ಬರೆಯುತ್ತದೆ. ಹಿಂದಕ್ಕೆ ತಿರುಗುವ ಕ್ಷಣದಲ್ಲಿ ರೆಕ್ಕೆ ತನ್ನ ಉದ್ದದ ಅಕ್ಷದ ಸುತ್ತ ಮಗುಚಿಕೊಳ್ಳುತ್ತದೆ. ಆಗ ರೆಕ್ಕೆಯ ತಳಭಾಗ ಮೇಲಕ್ಕೆ ಮುಖ ಮಾಡುತ್ತದೆ, ಗಾಳಿಯನ್ನು ಸೀಳುವುದು ಮಾತ್ರ ಮತ್ತೆ ಅದೇ ಮುಂಚೂಣಿ ಅಂಚು. ರೂಫಸ್ ಹಮ್ಮಿಂಗ್‌ಬರ್ಡ್ ಹಿಂದೆ ಬಿಟ್ಟುಹೋಗುವ ಗಾಳಿಯ ಸುಳಿಗಳನ್ನು ವಾರಿಕ್, ಟೊಬಾಲ್ಸ್ಕಿ ಮತ್ತು ಪವರ್ಸ್ ಎಂಬ ವಿಜ್ಞಾನಿಗಳು 2005ರಲ್ಲಿ ಅಳೆದಾಗ, ತೂಕದಲ್ಲಿ ನೂರಕ್ಕೆ ಸುಮಾರು 75 ಪಾಲನ್ನು ಮುಂದಿನ ಬೀಸು, 25 ಪಾಲನ್ನು ಹಿಂದಿನ ಬೀಸು ಹೊರುತ್ತದೆ ಎಂದು ಕಂಡಿತು. ಬೇರೆ ಹೆಚ್ಚಿನ ಹಕ್ಕಿಗಳು ಒಂದೆಡೆ ನಿಂತು ಹಾರುವಾಗ ರೆಕ್ಕೆ ಮೇಲಕ್ಕೆ ಎತ್ತುವ ಬೀಸಿನಲ್ಲಿ ಹೇಳಿಕೊಳ್ಳುವಷ್ಟು ಬಲ ಸಿಗುವುದಿಲ್ಲ. ಆ 25 ಪಾಲೇ ಹಮ್ಮಿಂಗ್‌ಬರ್ಡಿನ ವಿಶೇಷ, ನಮಗೆ ಸಿಗದೆ ಸತಾಯಿಸಿದ್ದೂ ಅದೇ.

ಲೆಕ್ಕ ಹೀಗಿದೆ. ಒಂದೊಂದು ರೆಕ್ಕೆ 80 ಮಿ.ಮೀ. ಉದ್ದ, 25 ಮಿ.ಮೀ. ಅಗಲ. ಬೀಸುವ ಕೋನ 160 ಡಿಗ್ರಿ, ಮುಂದಿನ ಹಿಂದಿನ ಎರಡೂ ಬೀಸು ಸೇರಿದ ಸುತ್ತು ಸೆಕೆಂಡಿಗೆ 25. ಲಿಫ್ಟ್ ಗುಣಾಂಕ 1.4 ಎಂದು ಹಿಡಿದರೆ ಎರಡೂ ದಿಕ್ಕು ಸರಿಯಾಗಿ ಕೆಲಸ ಮಾಡಿದಾಗ ಸುಮಾರು 18 ಗ್ರಾಂ ಎತ್ತಬೇಕು. ಹಿಂದಿನ ಬೀಸು ಮುಂದಿನದರ ಮೂರನೆ ಒಂದು ಪಾಲು ಮಾತ್ರ ಕೊಟ್ಟರೆ ಒಟ್ಟು 12 ಗ್ರಾಮಿಗೆ ಇಳಿಯುತ್ತದೆ. ವೇಗ ಹೆಚ್ಚಿಸಿ ಸರಿದೂಗಿಸೋಣವೆಂದರೆ ಎತ್ತುವ ಬಲ ವೇಗದ ವರ್ಗಕ್ಕೆ, ಬೇಕಾಗುವ ಶಕ್ತಿ ಅದರ ಘನಕ್ಕೆ ತಕ್ಕಂತೆ ಏರುತ್ತವೆ. ಅಂದರೆ ಸೆಕೆಂಡಿಗೆ 31 ಸುತ್ತಿಗೆ ಹೋಗಬೇಕು, ಮೋಟಾರಿಗೆ 1.8 ಪಟ್ಟು ಹೊರೆ. ಸಣ್ಣ ಮೋಟಾರು ಅಷ್ಟು ಹೊತ್ತರೆ ಬಿಸಿಯಾಗಿ ಸೋಲುತ್ತದೆ. ಆದ್ದರಿಂದ ಮದ್ದು ರೆಕ್ಕೆಯಲ್ಲೇ ಇರಬೇಕು.

ಹಕ್ಕಿ ರೆಕ್ಕೆಯನ್ನು ತೋಳಿನ ಮೂಳೆಯಿಂದ ಮತ್ತು ಮಣಿಕಟ್ಟಿನಿಂದ ತಿರುಚುತ್ತದೆ. ನಮ್ಮದು ಹಾಳೆಯ ರೆಕ್ಕೆ, ಗಾಳಿಯ ಒತ್ತಡಕ್ಕೆ ತಾನೇ ಮಗುಚಬೇಕು. ಮುಂಚೂಣಿಗೆ 0.8 ಮಿ.ಮೀ. ಕಾರ್ಬನ್ ಕಡ್ಡಿ, ಬುಡದಲ್ಲಿ ಇನ್ನೊಂದು ಕಡ್ಡಿ, ಎರಡನ್ನೂ ಸುತ್ತುವ ಕೊಳವೆಯಂಥ ಮಡಿಕೆಗಳು, ನಡುವೆ 12 ಮೈಕ್ರಾನ್ ಪಾಲಿಯೆಸ್ಟರ್ ಹಾಳೆ. ಗುಟ್ಟು ಇರುವುದು ಹಾಳೆ ಕತ್ತರಿಸುವ ಕೋನದಲ್ಲಿ. ಎರಡು ಮಡಿಕೆಗಳ ನಡುವೆ 96 ಡಿಗ್ರಿ ಇಟ್ಟು ಕತ್ತರಿಸಿ, ಜೋಡಿಸುವಾಗ ಕಡ್ಡಿಗಳನ್ನು 90 ಡಿಗ್ರಿಗೆ ನಿಲ್ಲಿಸಬೇಕು. ಆ 6 ಡಿಗ್ರಿಯೇ ಸಡಿಲ. ಬೀಸುವ ದಿಕ್ಕು ಬದಲಾದಾಗ ಹಾಳೆಯ ಹೊಟ್ಟೆ ಆಚೆಯಿಂದ ಈಚೆಗೆ ಉಬ್ಬಿ ರೆಕ್ಕೆ ಮಗುಚುತ್ತದೆ.

ಆದರೆ ಸಡಿಲವಿದ್ದರೂ ಒಂದೇ ಕಡೆ ಮಗುಚುತ್ತಿತ್ತು. ಎತ್ತುವ ಬಲ ಅಳೆಯುವ ಲೋಡ್ ಸೆಲ್ ಕೊಡುವುದು ಸರಾಸರಿ ಮಾತ್ರ, ಯಾವ ಬೀಸು ಕಳ್ಳತನ ಮಾಡುತ್ತಿದೆ ಎಂದು ಅದು ಹೇಳುವುದಿಲ್ಲ. ಅದಕ್ಕೆ ಎರಡು ಪರೀಕ್ಷೆ ಸಾಕು. ಮಾದರಿಯನ್ನು ಉದ್ದ ದಾರಕ್ಕೆ ತೂಗುಹಾಕಿ ಓಡಿಸಿದರೆ ಮೈ ಸತತವಾಗಿ ಮುಂದಕ್ಕೆ ಸರಿಯುತ್ತದೆ, ಏಕೆಂದರೆ ಒಂದು ಬೀಸಿನ ಎಳೆತ ಇನ್ನೊಂದಕ್ಕೆ ಸಮನಾಗಿಲ್ಲ. ಆಮೇಲೆ ರೆಕ್ಕೆಯ ಮುಕ್ಕಾಲು ಉದ್ದದಲ್ಲಿ ಅಡ್ಡಲಾಗಿ ಕಪ್ಪು ಗೆರೆ ಎಳೆದು, ತುದಿಯ ಕಡೆಯಿಂದ ಸೆಕೆಂಡಿಗೆ 240 ಫ್ರೇಮಿನಲ್ಲಿ ವಿಡಿಯೊ ತೆಗೆಯಬೇಕು. ಒಂದು ಬೀಸಿನ ಸುತ್ತಿಗೆ ಸುಮಾರು ಹತ್ತು ಚಿತ್ರ ಸಿಗುತ್ತವೆ. ಬೆಳಕು ಧಾರಾಳವಾಗಿರಲಿ, ಇಲ್ಲವಾದರೆ ಗೆರೆ ಕಲಸಿಹೋಗುತ್ತದೆ. ಬೀಸಿನ ನಡುಭಾಗದಲ್ಲಿ ಗೆರೆ, ಬೀಸುವ ತಲಕ್ಕೆ 35ರಿಂದ 45 ಡಿಗ್ರಿ ಓರೆಯಾಗಿರಬೇಕು. ಮುಂದಿನ ಬೀಸಿನಲ್ಲಿ 40ರ ಆಸುಪಾಸು ಬಂತು. ಹಿಂದಿನದರಲ್ಲಿ ಗೆರೆ 70 ದಾಟಿ ಬಹುತೇಕ ನೆಟ್ಟಗೆ ನಿಂತಿತ್ತು. ಅಷ್ಟು ನೆಟ್ಟಗಿದ್ದರೆ ರೆಕ್ಕೆ ಗಾಳಿಯನ್ನು ತಳ್ಳುತ್ತದೆಯೇ ಹೊರತು ಎತ್ತುವುದಿಲ್ಲ. ಕರೆಂಟು ಏರಿಯೂ ಎತ್ತುವ ತೂಕ ಏರದಿರುವುದು ಅದರ ಗುರುತು. ಸಡಿಲ ಅತಿಯಾದರೆ ಉಲ್ಟಾ: ಗೆರೆ 20ಕ್ಕೆ ಮಲಗುತ್ತದೆ, ಕರೆಂಟೂ ಇಳಿಯುತ್ತದೆ, ಹಿಂಚೂಣಿ ಪಟಪಟ ಅನ್ನುತ್ತದೆ.

ಕಾರಣ ಎರಡು ಕೂಡಿಕೊಂಡಿದ್ದವು. ಬುಡದ ಕಡ್ಡಿ ಬೀಸುವ ಅಕ್ಷಕ್ಕಿಂತ 2 ಮಿ.ಮೀ. ಮುಂದೆ ನಿಂತಿತ್ತು, ಹಾಗಾದಾಗ ಹಾಳೆ ಒಂದು ಬೀಸಿನಲ್ಲಿ ಸಡಿಲವಾಗಿ, ಇನ್ನೊಂದರಲ್ಲಿ ಬಿಗಿಯುತ್ತದೆ. ಇನ್ನೊಂದು, ಮುಂಚೂಣಿ ಮಡಿಕೆ ಕಡ್ಡಿಯ ಮೇಲೆ ಸಲೀಸಾಗಿ ಉರುಳುತ್ತಿರಲಿಲ್ಲ. 0.8 ಎಂದು ಚೀಟಿ ಅಂಟಿಸಿ ಕಳಿಸಿದ ಕಡ್ಡಿ ಮೈಕ್ರೋಮೀಟರಿನಲ್ಲಿ ಒಂದು ತುದಿಗೆ 0.8, ಇನ್ನೊಂದು ತುದಿಗೆ 0.9. ಕಡ್ಡಿ ಮಾರುವವರು ಒಂದು ಕಟ್ಟಿನಲ್ಲಿ ನಾಲ್ಕು ದಪ್ಪ ಬೆರೆಸಿ ಕಳಿಸುವುದನ್ನು ನಿಲ್ಲಿಸಿದರೆ ಈ ಹವ್ಯಾಸದ ಅರ್ಧ ರಗಳೆ ಮುಗಿಯುತ್ತದೆ. ಪ್ರತಿ ಕಡ್ಡಿಯನ್ನೂ ಮೂರು ಕಡೆ ಅಳೆಯದೆ ಮಡಿಕೆ ಅಂಟಿಸಬೇಡಿ. ಮಡಿಕೆಯನ್ನು 1.2 ಮಿ.ಮೀ. ತಂತಿಯ ಸುತ್ತ ಅಂಟಿಸಿ, ತಂತಿ ಎಳೆದು, ಆಮೇಲೆ ಕಡ್ಡಿ ತೂರಿಸಿದರೆ ಬೇಕಾದಷ್ಟು ಜಾಗ ಉಳಿಯುತ್ತದೆ. ಒಳಗೆ ಅಂಟಿನ ಹನಿ ಹೋದರೆ ಆ ರೆಕ್ಕೆ ಕೈಬಿಡುವುದೇ ಒಳ್ಳೆಯದು.

ಬುಡದ ಕಡ್ಡಿಯನ್ನು ಅಕ್ಷಕ್ಕೆ ತಂದು, ಮಡಿಕೆ ಬದಲಿಸಿದ ಮೇಲೆ ಎರಡೂ ಕೋನ 40ರ ಹತ್ತಿರ ಬಂದವು, ದಾರದಲ್ಲಿ ಮೈ ಸರಿಯುವುದು ನಿಂತಿತು. ಹಕ್ಕಿಯ 75-25ನ್ನು ನಕಲು ಮಾಡುವ ಆಸೆ ಬೇಡ. ಗರಿಯ ರೆಕ್ಕೆಗೆ ಸಹಜವಾದ ಬಾಗು ಇದೆ, ಮಗುಚಿದಾಗ ಅದು ತಲೆಕೆಳಗಾಗುತ್ತದೆ. ಚಪ್ಪಟೆ ಹಾಳೆಗೆ ಆ ಕಟ್ಟು ಇಲ್ಲ, ಕೀಟಗಳಂತೆ ಅರ್ಧರ್ಧ ಹಂಚಿಕೊಳ್ಳಬಲ್ಲದು. ಬುಡದ ಕಡ್ಡಿಯ ಜಾಗ ಇಷ್ಟೊಂದು ಪರಿಣಾಮ ಬೀರುತ್ತದೆ ಎಂದಮೇಲೆ ಅದನ್ನೇ ಸರ್ವೊದಿಂದ ಸರಿಸಿ ಮಾದರಿಯನ್ನು ನಿಯಂತ್ರಿಸಬಹುದು. 2011ರಲ್ಲಿ ಏರೊವಿರಾನ್‌ಮೆಂಟ್ ಕಂಪನಿ ತೋರಿಸಿದ 19 ಗ್ರಾಂ ನ್ಯಾನೊ ಹಮ್ಮಿಂಗ್‌ಬರ್ಡ್ ಕೂಡ ಬಾಲದ ನೆರವಿಲ್ಲದೆ ರೆಕ್ಕೆಗಳಿಂದಲೇ ದಿಕ್ಕು ಬದಲಿಸುತ್ತಿತ್ತು.

ಬ್ಯಾಟರಿಯ ವಿಷಯಕ್ಕೆ ಬಂದರೆ ಹೊಟ್ಟೆಕಿಚ್ಚಾಗುತ್ತದೆ. 3.5 ಗ್ರಾಂ ಹಕ್ಕಿ ನಿಂತು ಹಾರುವಾಗ ಸುಮಾರು 0.8 ವ್ಯಾಟ್ ಉರಿಸುತ್ತದೆ, ಅಂದರೆ ಗಂಟೆಗೆ 0.17 ಗ್ರಾಂ ಸಕ್ಕರೆ. ಸ್ನಾಯು ಅದರಲ್ಲಿ ಹತ್ತನೆ ಒಂದು ಪಾಲನ್ನಷ್ಟೇ ಕೆಲಸವಾಗಿಸುತ್ತದೆ ಎಂದಿಟ್ಟುಕೊಂಡರೂ, ಗ್ರಾಂ ಸಕ್ಕರೆಯಿಂದ 1.6 ಕಿಲೋಜೂಲ್ ಸಿಗುತ್ತದೆ. ಲಿಥಿಯಂ ಪಾಲಿಮರ್ ಗ್ರಾಮಿಗೆ ಕೊಡುವುದು ಸುಮಾರು ಅರ್ಧ ಕಿಲೋಜೂಲ್, ಅದರಲ್ಲೂ ಮೋಟಾರು ಮತ್ತು ಗೇರು ದೊಡ್ಡ ಪಾಲು ನುಂಗುತ್ತವೆ. ಮಕರಂದ ಕುಡಿದ ಅರ್ಧ ಗಂಟೆಯೊಳಗೆ ಹಕ್ಕಿಯ ಸ್ನಾಯು ಕೊಬ್ಬನ್ನು ಬಿಟ್ಟು, ಬಹುತೇಕ ಆಗಷ್ಟೇ ಕುಡಿದ ಸಕ್ಕರೆಯನ್ನೇ ಉರಿಸತೊಡಗುತ್ತದೆ.

ಹಕ್ಕಿ ಆ ಸಕ್ಕರೆಯನ್ನು ಹೀರುವ ಬಗೆಯನ್ನೂ ನಕಲು ಮಾಡಿ ನೋಡುವ ಆಸೆ, ಆದ್ದರಿಂದ ಸರ್ವೊ ಕೂರಿಸಿದ ಮೇಲೆ ಮುಂದಿನ ಕೆಲಸ ನಾಲಿಗೆ. ಹಮ್ಮಿಂಗ್‌ಬರ್ಡಿನ ನಾಲಿಗೆಯ ತುದಿಯಲ್ಲಿ ಎರಡು ತೋಡುಗಳಿವೆ. ಕೊಕ್ಕು ಅವನ್ನು ಹಿಂಡಿ ಚಪ್ಪಟೆ ಮಾಡುತ್ತದೆ. ಮಕರಂದ ತಾಗಿದೊಡನೆ ಅವು ಬುಗ್ಗನೆ ಅರಳಿ ದ್ರವವನ್ನು ಎಳೆದುಕೊಳ್ಳುತ್ತವೆ. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ. ಇದೇ 12 ಮೈಕ್ರಾನ್ ಹಾಳೆಯನ್ನು 1 ಮಿ.ಮೀ. ತಂತಿಗೆ ಸುತ್ತಿ ಬಿಸಿಗಾಳಿಯಲ್ಲಿ ರೂಪ ಕೊಟ್ಟು, ಉದ್ದಕ್ಕೂ ಸೀಳಿ, ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರಿನ ದ್ರಾವಣದಲ್ಲಿ ಅದ್ದಿ ನೋಡಬೇಕು. ಹಾಳೆ ತುಂಬ ಬಿರುಸಾಗಿದ್ದರೆ ದ್ರವ ತಾಗುವ ಮೊದಲೇ ಅರಳಿಬಿಡುತ್ತದೆ, ಆಗ 6 ಮೈಕ್ರಾನಿಗೆ ಇಳಿಯಬೇಕು.