ಕೂಸಿನ ಕೌದಿಗೆ ಎಷ್ಟು ಹೇಳೋದು?

ಕೌದಿ ಹೊಲಿಯೋಕೆ ಒಂಬತ್ತು ತಾಸು ಸಾಕು ಅಂದ್ಕೊಂಡಿದ್ದೆ. ಈ ಸಲ ಸುಮ್ನೆ ಮೊಬೈಲ್‌ನಲ್ಲಿ ಟೈಮ್ ಬರೆದಿಟ್ಟೆ. 14 ತಾಸು! ಸೀರೆ ಒಗೆದು, ಇಸ್ತ್ರಿ ಮಾಡಿ, ಕತ್ತರಿಸಿ, ಪದರ ಜೋಡಿಸಿದ್ದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಸೂಪರ್ ಮಾರ್ಕೆಟ್‌ನಿಂದ ತಂದ ಅಸ್ತರು, ದಾರ, ಜೊತೆಗೆ ಹಳೆ ಸೀರೆ ಸೇರಿ 280 ರೂಪಾಯಿ. ಸೀರೆ ಮನೆಯದೇ, ಆದ್ರೂ ರೇಟು ಹಿಡಿದೆ. ಅವ್ವನ ಟ್ರಂಕು ಖಾಲಿಯಾದ ಮೇಲೆ ಕೊಂಡೇ ತರಬೇಕಲ್ವಾ? ಡಬ್ಬಿ, ಕವರಿಗೆ 40. ತಾಸಿಗೆ 50ರಂತೆ ನನ್ನ ಕೂಲಿ 700. ಒಟ್ಟು 1020.

ಇಷ್ಟು ದಿನ ಇಲ್ಲಿಗೇ ನಿಲ್ಲಿಸುತ್ತಿದ್ದೆ. ಕೂಲಿಯನ್ನೇ ಲಾಭ ಅಂದ್ಕೊಂಡಿದ್ದೆ. ನಾಳೆ ಇನ್ನೊಬ್ಬರಿಂದ ಹೊಲಿಸಿದರೆ ಆ 700 ಅವರದು, ನನಗೆ ಸೊನ್ನೆ. ಅದಕ್ಕೇ ಮೇಲೆ ನೂರಕ್ಕೆ 20ರಂತೆ 204 ಸೇರಿಸಿದೆ. 1224 ಆಯಿತು, 1225 ಅಂತ ಚೀಟಿ ಹಚ್ಚಿದೆ.

ನಿನ್ನೆ ಒಬ್ಬರು ಬಂದು, "ಯಕ್ಕಾ, ಎಂಟುನೂರಕ್ಕ ಕೊಡ್ರಿ" ಅಂದರು. 800ರಲ್ಲಿ ಸಾಮಾನು, ಡಬ್ಬಿ ಕಳೆದರೆ 480. ತಾಸಿಗೆ 34 ರೂಪಾಯಿ. ಇಳಿಸಿದರೆ ಲಾಭದಲ್ಲಿ ಇಳಿಸಬೇಕು, ಕೂಲಿಯಲ್ಲಿ ಅಲ್ಲ. 1100 ಅಂದೆ. "ನೋಡ್ತೀನಿ" ಅಂತ ಹೋದರು. ಕೌದಿ ಇನ್ನೂ ಇಲ್ಲೇ ಇದೆ.