ಮ್ಯಾಟರ್ ನೀವೇ ಹಾಕ್ಬಿಡಿ ಅನ್ನೋರಿಗೆ

"ಅಣ್ಣಾ, ಅಂಗಡಿಗೆ ಒಂದು ಆಫರ್ ಪೋಸ್ಟರ್ ಬೇಕಿತ್ತು, ಮ್ಯಾಟರ್ ನೀವೇ ಏನಾದ್ರೂ ಚೆನ್ನಾಗಿ ಹಾಕ್ಬಿಡಿ, ಅರ್ಧ ಗಂಟೇಲಿ ಆಗುತ್ತಾ?"

ಆಗುತ್ತೆ. ಆದ್ರೆ ಆಫರ್ ಕೊಡೋರು ನೀವು ಸ್ವಾಮಿ, ನಾನಲ್ಲ. ಎಷ್ಟು ಪರ್ಸೆಂಟ್ ಅಂದ್ರೆ "ನೋಡ್ಕೊಂಡು ಹಾಕಿ", ಯಾವತ್ತಿನವರೆಗೆ ಅಂದ್ರೆ "ಇರ್ಲಿ ಬಿಡಿ", ಯಾವ ಭಾಷೆ ಅಂದ್ರೆ ವಾಟ್ಸಾಪಲ್ಲಿ ಒಂದು ಹೆಬ್ಬೆಟ್ಟು.

ಆಷಾಢದಲ್ಲಿ ಸೀರೆ ಅಂಗಡಿಯವರೊಬ್ರು ಬಂದು 50% ದೊಡ್ಡದಾಗಿ ಕಾಣ್ಬೇಕು ಅಂತ ಕೂತ್ರು. ಎಲ್ಲಾ ಸೀರೆಗೂನಾ ಅಂದೆ. "ಏ ಇಲ್ಲಪ್ಪ, ಹಳೇ ಸಿಂಥೆಟಿಕ್ ಒಂದು ರ‍್ಯಾಕ್ ಉಳ್ಕೊಂಡಿದೆ, ಅದಕ್ಕೆ ಮಾತ್ರ, ಮಿಕ್ಕಿದ್ದಕ್ಕೆ ಹತ್ತು ಬಿಡ್ತೀವಿ." ಸರಿ, ಬರೀ 50% ಅಂತ ಹಾಕಿದ್ರೆ ರೇಷ್ಮೆ ಸೀರೆ ಹಿಡ್ಕೊಂಡು ಬಿಲ್ಲಿಂಗಿಗೆ ಬಂದ ಹೆಂಗಸಿಗೆ ಉತ್ತರ ಹೇಳೋರು ಯಾರು, ನಾನಾ? ಕೆಳಗೆ ಇರುವೆ ಸೈಜಲ್ಲಿ ಷರತ್ತು ಅನ್ವಯ ಅಂತ ಹಾಕಿ ಅಂದ್ರು, ಅದೂ ಇಂಗ್ಲಿಷಲ್ಲಿ. ದಾರಿತಪ್ಪಿಸೋ ಜಾಹೀರಾತು ತಡೆಯೋಕೆ ಕೇಂದ್ರದವರು 2022ರಲ್ಲಿ ಮಾರ್ಗಸೂಚಿ ತಂದಿದಾರೆ, ಮೇಲಿನ ಮಾತು ಯಾವ ಭಾಷೇಲಿದೆಯೋ ಷರತ್ತೂ ಅದೇ ಭಾಷೇಲಿ, ಅದೇ ಫಾಂಟಲ್ಲಿ ಇರ್ಬೇಕು ಅಂತ ಅದ್ರಲ್ಲಿದೆ. ಸಾಕಷ್ಟು ಮಾಲಿಲ್ದೆ ಆಫರ್ ತೋರಿಸಿ ಜನರನ್ನ ಎಳೆಯೋದೂ ಅದ್ರ ಪ್ರಕಾರ ತಪ್ಪು. ಕೊನೆಗೆ ಹೀಗೆ ಹೋಯ್ತು:

ಆಷಾಢ ಸೇಲ್
ಹಳೇ ಸ್ಟಾಕ್ ಸಿಂಥೆಟಿಕ್ ಸೀರೆ ಅರ್ಧ ಬೆಲೆ
ಬೇರೆ ಎಲ್ಲಾ ಸೀರೆಗೆ 10% ಕಡಿಮೆ
______ ತಾರೀಖಿನವರೆಗೆ

ಆ ಗೀಟಿನ ಜಾಗ ಬೇಕಂತ್ಲೇ ಬಿಟ್ಟಿದ್ದು. ಅಲ್ಲಿ ಬಿಳೀ ಬಾಕ್ಸ್ ಇಟ್ಟು A3 ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿಸಿದ್ರೆ ಪರ್ಮನೆಂಟ್ ಮಾರ್ಕರಲ್ಲಿ ತಾರೀಖು ಬರೀಬಹುದು, ಬದಲಾದ್ರೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿ. ಬಾಲ್ ಪೆನ್ ತರ್ಬೇಡಿ, ಅದರ ಮೇಲೆ ಹತ್ತಲ್ಲ.

ಏನೂ ಗೊತ್ತಿಲ್ಲ, ಆದ್ರೂ ಇವತ್ತೇ ಬೇಕು ಅಂದ್ರೆ "ಹೊಸ ಸೀರೆ ಬಂದಿವೆ, ಒಳಗೆ ಬಂದು ನೋಡಿ" ಅಂತ ಹಾಕ್ತೀನಿ, ಅಷ್ಟೇ. ಮಾತು ಕೊಟ್ಟಂಗೂ ಆಗಲ್ಲ, ನಾಳೆ ಜಗಳವೂ ಬರಲ್ಲ. ಇದೇನ್ರೀ ಸಪ್ಪೆ ಅಂತೀರ. ಮಸಾಲೆ ಹಾಕೋಕೆ ನೀವು ಏನು ಕೊಟ್ಟಿದೀರ?

ಭಾಷೆ ವಿಷ್ಯಕ್ಕೆ ನಂದೊಂದೇ ಪ್ರಶ್ನೆ, ಗಿರಾಕಿ ಯಾವ ಭಾಷೇಲಿ ಚೌಕಾಸಿ ಮಾಡ್ತಾರೆ? ಬಳ್ಳಾರಿ ಕಡೆ ಆದ್ರೆ ಕನ್ನಡ ದೊಡ್ಡದಾಗಿ, ಕೆಳಗೆ ಒಂದು ಸಾಲು ತೆಲುಗು ಹಾಕಿಸ್ಕೊಂಡ್ರೂ ನಡೆಯುತ್ತೆ. ಮೂರು ನಾಲ್ಕು ಭಾಷೆ ತುರುಕಿದ್ರೆ A3ಯಲ್ಲಿ ಯಾವುದೂ ರಸ್ತೆಯಿಂದ ಕಾಣಲ್ಲ. ರೇಟು ಮಾತ್ರ 1, 2, 3 ಅಂಕೀಲಿ ಹಾಕ್ಸಿ, ಅದನ್ನ ಎಲ್ರೂ ಓದ್ತಾರೆ.

ಇಷ್ಟು ಜನ ಬಂದ್ರಲ್ಲ, "ಇದನ್ನ ಗೋಡೆಯಿಂದ ಯಾವತ್ತು ತೆಗೀಲಿ?" ಅಂತ ಒಬ್ರೂ ಕೇಳಿಲ್ಲ. ಗಣಪತಿ ಹಬ್ಬ ಮುಗಿದ್ಮೇಲೂ ಆಷಾಢ ಸೇಲ್ ನೇತಾಡ್ತಿರುತ್ತೆ, ಅದನ್ನ ನೋಡಿ ಒಳಗೆ ಬಂದೋರು ಅರ್ಧ ಬೆಲೆ ಕೇಳಿದ್ರೆ "ಪೋಸ್ಟರ್ ಮಾಡ್ದೋನು ಮಿಸ್ಟೇಕ್ ಮಾಡಿದಾನೆ" ಅಂತ ನನ್ನ ಹೆಸರು ಹೇಳ್ತಾರೆ, ಅವರ ಅಂಗಡಿ ಮಾರ್ಕರು ಎಲ್ಲಿ ಹೋಗಿರುತ್ತೋ.