ಹೊಕ್ಕಳಿನಿಂದ ಬಲಕ್ಕೆ ಇಳಿದ ನೋವು

"ಡಾಕ್ಟ್ರೇ, ಹೊಕ್ಕಳ ಸುತ್ತ ನೋವು ಬಂದ್ರೆ ಅದು ಗ್ಯಾಸ್ಟ್ರಿಕ್ ತಾನೆ? ಅಪೆಂಡಿಕ್ಸ್ ಅಂತ ಯಾವಾಗ ಹೆದರಬೇಕು?"

ನೋವು ಜಾಗ ಬದಲಾಯಿಸಿದಾಗ. ಹೊಕ್ಕಳ ಹತ್ತಿರ ಶುರುವಾಗಿ, ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಹೊಟ್ಟೆಗೆ ಬಂದು ಅಲ್ಲೇ ನಿಂತರೆ, ಅದೇ ದಿನ ಸರ್ಜನ್ ಇರುವ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ನೋಡೋಣ ಅನ್ನಬಾರದು.

ದಾವಣಗೆರೆಯಲ್ಲಿ ಹೊಟ್ಟೆನೋವು ಬಂದರೆ ಮೊದಲ ಆರೋಪ ಮಂಡಕ್ಕಿ ಮಿರ್ಚಿ ಮೇಲೆ. ಜಗಳೂರು ಕಡೆಯ ಹಳ್ಳಿಯಿಂದ ಬಂದಿದ್ದ ಹತ್ತೊಂಬತ್ತು ವರ್ಷದ ಹುಡುಗನೂ ಹಾಗೇ ಹೇಳಿದ. ಹಿಂದಿನ ಸಂಜೆ ಪೇಟೆಯಲ್ಲಿ ಮಿರ್ಚಿ ತಿಂದು ಊರಿಗೆ ಹೋಗಿದ್ದ. ರಾತ್ರಿ ಹತ್ತರ ಸುಮಾರಿಗೆ ಹೊಕ್ಕಳ ಸುತ್ತ ನೋವು ಶುರುವಾಯಿತು. ಎಲ್ಲಿ ನೋವು ಅಂದರೆ ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ, ಅಂಗೈಯನ್ನು ಹೊಟ್ಟೆಯ ಮೇಲೆ ದುಂಡಗೆ ಆಡಿಸುತ್ತಿದ್ದನಂತೆ. ಸೋಡಾ ಕುಡಿದ, ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ. ರಾತ್ರಿ ಮೂರರ ಹೊತ್ತಿಗೆ ಒಮ್ಮೆ ವಾಂತಿ ಆಯಿತು. ಬೆಳಿಗ್ಗೆ ಟೀ ಕೂಡ ಬೇಡ ಅಂದ. ಹನ್ನೊಂದರ ಹೊತ್ತಿಗೆ ನೋವು ಬಲಕ್ಕೆ ಇಳಿದಿತ್ತು.

ಅಪೆಂಡಿಕ್ಸ್ ಅಂದರೆ ದೊಡ್ಡ ಕರುಳಿನ ಆರಂಭದಲ್ಲಿ ನೇತಾಡುವ, ಬೆರಳಿನಷ್ಟು ಉದ್ದದ ತೆಳು ಕೊಳವೆ. ಅದರ ಒಂದು ತುದಿ ಮುಚ್ಚಿರುತ್ತದೆ. ತೆರೆದ ಬಾಯಿಗೆ ಗಟ್ಟಿ ಮಲದ ಸಣ್ಣ ಉಂಡೆಯೋ, ಒಳಗಿನ ಊತವೋ ಅಡ್ಡ ಬಂದರೆ ಒಳಗಿನ ಲೋಳೆ ಹೊರಗೆ ಬರಲಾಗದೆ ಕೊಳವೆ ಉಬ್ಬುತ್ತದೆ. ಕರುಳಿನ ನರಗಳಿಗೆ ಜಾಗವನ್ನು ಸರಿಯಾಗಿ ಹೇಳುವ ಶಕ್ತಿ ಇಲ್ಲ. ಅಪೆಂಡಿಕ್ಸ್‌ನ ನರಗಳು ಬೆನ್ನುಹುರಿಯಲ್ಲಿ ಸೇರುವುದು ಹೊಕ್ಕಳ ಸುತ್ತಲಿನ ಚರ್ಮದ ನರಗಳು ಸೇರುವ ಮಟ್ಟದಲ್ಲೇ. ಹಾಗಾಗಿ ಮೆದುಳಿಗೆ ಅದು ಹೊಕ್ಕಳ ನೋವಾಗಿ ಕಾಣುತ್ತದೆ. ಇದು ಮೊದಲ ಘಟ್ಟ. ಈ ಘಟ್ಟದಲ್ಲಿ ಗ್ಯಾಸ್ಟ್ರಿಕ್ ಅಂದುಕೊಂಡರೆ ತಪ್ಪೇನಿಲ್ಲ. ಎಷ್ಟೋ ಸಲ ನಮಗೇ ಗೊತ್ತಾಗುವುದಿಲ್ಲ.

ಆಮೇಲೆ ಉರಿಯೂತ ಕೊಳವೆಯ ಹೊರಮೈಗೆ ಬರುತ್ತದೆ. ಹೊಟ್ಟೆಯ ಒಳಗೋಡೆಗೆ ಒಂದು ತೆಳು ಪೊರೆ ಇದೆ. ಕೆಂಪಾದ ಅಪೆಂಡಿಕ್ಸ್ ಆ ಪೊರೆಗೆ ತಾಗಿದ ಕೂಡಲೇ ನೋವಿನ ಗುಣವೇ ಬೇರೆಯಾಗುತ್ತದೆ. ಪೊರೆಯ ನರಗಳು ಜಾಗವನ್ನು ಕರಾರುವಾಕ್ಕಾಗಿ ಹೇಳುತ್ತವೆ. ಈಗ ರೋಗಿ ಅಂಗೈ ಆಡಿಸುವುದಿಲ್ಲ, ಒಂದೇ ಬೆರಳಿಟ್ಟು "ಇಲ್ಲಿ" ಅನ್ನುತ್ತಾನೆ. ಬಲ ಸೊಂಟದ ಮುಂಭಾಗದಲ್ಲಿ ಕೈಗೆ ಸಿಗುವ ಮೂಳೆಯ ತುದಿಯಿಂದ ಹೊಕ್ಕಳಿಗೆ ಗೆರೆ ಎಳೆದು ಮೂರು ಪಾಲು ಮಾಡಿ. ಮೂಳೆ ಕಡೆಯ ಒಂದು ಪಾಲು ಮುಗಿಯುವ ಜಾಗವೇ ಅದು. ನ್ಯೂಯಾರ್ಕಿನ ಸರ್ಜನ್ ಚಾರ್ಲ್ಸ್ ಮೆಕ್‌ಬರ್ನಿ 1889ರಲ್ಲಿ ಈ ಬಿಂದುವಿನ ಬಗ್ಗೆ ಬರೆದರು. ಇವತ್ತಿಗೂ ನಮ್ಮ ಕೈ ಮೊದಲು ಹುಡುಕುವುದು ಅದನ್ನೇ.

ಹುಡುಗ ಮಧ್ಯಾಹ್ನ ಮೂರಕ್ಕೆ ಬಂದ. ಬಾಗಿಲಲ್ಲೇ ಗೊತ್ತಾಯಿತು. ಸ್ವಲ್ಪ ಮುಂದಕ್ಕೆ ಬಾಗಿ, ಬಲಗೈಯಿಂದ ಹೊಟ್ಟೆ ಹಿಡಿದು, ಕಾಲು ಎತ್ತಿ ಹಾಕದೆ ಎಳೆದುಕೊಂಡು ನಡೆಯುತ್ತಿದ್ದ. ನಾನು ಕೇಳಿದ ಮೊದಲ ಪ್ರಶ್ನೆ, "ಬಸ್ಸು ಹಂಪ್ ಹತ್ತಿದಾಗ ಏನಾಯ್ತಪ್ಪಾ?" ಅವನ ಅಪ್ಪನೇ ಉತ್ತರ ಕೊಟ್ಟರು: "ಪ್ರತಿ ಹಂಪಿಗೂ ಸೀಟಿಂದ ಮೇಲೆದ್ದು ಕೂತ್ಕಳ್ತಿದ್ದ ಸಾ." ಮೈ ಕುಲುಕಿದಾಗ ಉರಿ ಹತ್ತಿದ ಪೊರೆ ಅಲುಗಾಡುತ್ತದೆ, ನೋವು ಚುಚ್ಚುತ್ತದೆ. ಮನೆಯಲ್ಲೂ ಇದನ್ನು ನೋಡಬಹುದು. ಜೋರಾಗಿ ಕೆಮ್ಮಿಸಿ. ತುದಿಗಾಲಲ್ಲಿ ನಿಲ್ಲಿಸಿ ಹಿಮ್ಮಡಿಯನ್ನು ದಪ್ಪನೆ ನೆಲಕ್ಕೆ ಬಿಡಲು ಹೇಳಿ. ಬಲಗಡೆ ಕೆಳಗೆ ನೋವು ಚುಚ್ಚಿದರೆ ಅಷ್ಟು ಸಾಕು, ಹೊಟ್ಟೆ ಒತ್ತಿ ನೋಡುವ ಕೆಲಸ ನಮಗೆ ಬಿಡಿ. ಕಿಡ್ನಿ ಸ್ಟೋನ್ ಇದ್ದವರು ಒಂದು ಕಡೆ ಕೂರಲಾರದೆ ಹೊರಳಾಡುತ್ತಾರೆ. ಅಪೆಂಡಿಕ್ಸ್ ಇದ್ದವರು ಅಲುಗಾಡದೆ ಮಲಗುತ್ತಾರೆ.

ಇನ್ನೊಂದು ಗುಟ್ಟು ವಾಂತಿಯ ಸಮಯದಲ್ಲಿದೆ. ಅಪೆಂಡಿಕ್ಸ್‌ನಲ್ಲಿ ಸಾಮಾನ್ಯವಾಗಿ ನೋವು ಮೊದಲು, ವಾಂತಿ ಆಮೇಲೆ. ತಿಂದಿದ್ದು ಕೆಟ್ಟಿದ್ದರೆ ಹೆಚ್ಚಾಗಿ ವಾಂತಿ, ಭೇದಿ ಮೊದಲೇ ಶುರುವಾಗುತ್ತವೆ. ಜ್ವರವನ್ನು ಕಾಯಬೇಡಿ. ಮೊದಲು ಅದು ಸಣ್ಣಗೇ ಇರುತ್ತದೆ. ಹುಡುಗನಿಗೆ 100 ಡಿಗ್ರಿ ಇತ್ತು ಅಷ್ಟೆ. ರಕ್ತದಲ್ಲಿ ಬಿಳಿ ಕಣ 14,000ಕ್ಕೆ ಏರಿತ್ತು. ಸ್ಕ್ಯಾನಿಂಗ್‌ನಲ್ಲಿ ಅಪೆಂಡಿಕ್ಸ್ 9 ಮಿಲಿಮೀಟರ್ ದಪ್ಪ ಇತ್ತು, ಒತ್ತಿದರೂ ಚಪ್ಪಟೆ ಆಗುತ್ತಿರಲಿಲ್ಲ. ಸಾಮಾನ್ಯವಾಗಿ ಅದು 6ರ ಒಳಗಿರುತ್ತದೆ. ಸಂಜೆಯೇ ಮೂರು ಸಣ್ಣ ತೂತು ಮಾಡಿ ತೆಗೆದೆವು. ಕೊಳವೆಯ ಬಾಯಲ್ಲಿ ತೊಗರಿಬೇಳೆಯಷ್ಟು ಗಟ್ಟಿ ಮಲದ ಉಂಡೆ ಇತ್ತು. ಮಿರ್ಚಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಮೂರನೇ ದಿನ ಮನೆಗೆ ಹೋದ.

ಅವನ ಅಜ್ಜಿ ಬೆಳಿಗ್ಗೆ ಹರಳೆಣ್ಣೆ ಕುಡಿಸಲು ಹೊರಟಿದ್ದರಂತೆ, ತಾಯಿ ತಡೆದಿದ್ದರು. ಆ ತಾಯಿ ಮಾಡಿದ್ದು ಬಹಳ ದೊಡ್ಡ ಕೆಲಸ. ಭೇದಿ ಔಷಧಿ ಕೊಟ್ಟರೆ, ಎನಿಮಾ ಕೊಟ್ಟರೆ ಕರುಳು ಜೋರಾಗಿ ಹಿಂಡುತ್ತದೆ, ಉಬ್ಬಿದ ಕೊಳವೆ ಒಡೆಯಬಹುದು. ಬಟ್ಟಿ ಸರಿದಿದೆ ಅಂತ ಹೊಟ್ಟೆ ತಿಕ್ಕಿಸುವುದೂ ಬೇಡ.

ನನಗೆ ತುಂಬಾ ಭಯ ಹುಟ್ಟಿಸುವ ಮಾತು ಒಂದಿದೆ. "ರಾತ್ರಿಯೆಲ್ಲ ನೋವಿತ್ತು, ಈಗ ತಾನಾಗೇ ಕಮ್ಮಿ ಆಯ್ತು." ಚಿತ್ರದುರ್ಗದಿಂದ ಬಂದ ಒಬ್ಬ ಅಮ್ಮನಿಗೆ ಎರಡು ದಿನ ಬಲಗಡೆ ನೋವಿತ್ತು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ನೋವಿನ ಇಂಜೆಕ್ಷನ್ ಹಾಕಿ ಕಳಿಸಿದ್ದರು. ಮೂರನೇ ದಿನ ನಸುಕಿನಲ್ಲಿ ನೋವು ಒಮ್ಮೆಲೇ ಇಳಿಯಿತು. ಮನೆಯವರು ಸಮಾಧಾನಪಟ್ಟು ಗಂಜಿ ಕುಡಿಸಿದರು. ಸಂಜೆ ಹೊತ್ತಿಗೆ ಹೊಟ್ಟೆ ಪೂರ್ತಿ ಹಲಗೆಯಂತೆ ಗಟ್ಟಿ, ಜ್ವರ 103. ಅಪೆಂಡಿಕ್ಸ್ ಒಡೆದಿತ್ತು. ಒಡೆದ ಕೂಡಲೇ ಒಳಗಿನ ಒತ್ತಡ ಇಳಿಯುತ್ತದೆ, ಅದಕ್ಕೇ ಆ ಸುಳ್ಳು ಆರಾಮ. ಹೊಟ್ಟೆಯ ತುಂಬಾ ಕೀವು ಇತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ನೋವು ಶುರುವಾದ ಮೊದಲ 36 ಗಂಟೆಯಲ್ಲಿ ಒಡೆಯುವ ಸಾಧ್ಯತೆ ಕಡಿಮೆ, ಆಮೇಲೆ ಏರುತ್ತಾ ಹೋಗುತ್ತದೆ. ಕೆಲವರಲ್ಲಿ ಮೊದಲೇ ಒಡೆಯುವುದೂ ಉಂಟು.

ಈ ಹುಡುಗನ ಹಾಗೆ ಎಲ್ಲರಲ್ಲೂ ನೋವು ಸರಿಯುತ್ತದೆ ಅಂತಲ್ಲ. ಸುಮಾರು ಅರ್ಧದಷ್ಟು ಜನರಲ್ಲಿ ಹೀಗಾಗುತ್ತದೆ. ಅಪೆಂಡಿಕ್ಸ್ ಕರುಳಿನ ಹಿಂದೆ ಅಡಗಿದ್ದರೆ ನೋವು ಸೊಂಟದ ಹಿಂದೆ ಬರಬಹುದು. ಕೆಳಗೆ ಇಳಿಬಿದ್ದಿದ್ದರೆ ಮೂತ್ರ ಉರಿ, ಸ್ವಲ್ಪ ಭೇದಿ ಆಗಬಹುದು. ಬಸುರಿಯರಲ್ಲಿ ಗರ್ಭ ಬೆಳೆದಂತೆ ನೋವು ಮೇಲಕ್ಕೂ ಸರಿಯಬಹುದು. ಚಿಕ್ಕ ಮಕ್ಕಳಿಗೆ ಹೇಳಲು ಬರುವುದಿಲ್ಲ, ವಯಸ್ಸಾದವರಲ್ಲಿ ನೋವೇ ಕಡಿಮೆ ಇರುತ್ತದೆ. ಈ ಮೂವರಲ್ಲಿ ಆರು ಗಂಟೆ ಬಿಡದ ಹೊಟ್ಟೆನೋವು ಇದ್ದರೆ ನೋವು ಬಲಕ್ಕೆ ಬರಲಿ ಅಂತ ಸುಮ್ನೆ ಕಾಯಬೇಡಿ.

ಹೊರಡುವ ಮುಂಚೆ ಊಟ ಕೊಡಬೇಡಿ, ಆಪರೇಷನ್ ಆದರೂ ಆಗಬಹುದು. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ನುಂಗಿದ ಮಾತ್ರೆಗಳ ಖಾಲಿ ಹಾಳೆ ಜೊತೆಗೆ ತನ್ನಿ. ನೋವು ಶುರುವಾದ ಗಂಟೆ, ಕೊನೆಗೆ ತಿಂದ ಗಂಟೆ, ಬಲಕ್ಕೆ ಇಳಿದ ಗಂಟೆ, ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹೆಣ್ಣುಮಕ್ಕಳಾದರೆ ಕೊನೆಯ ಮುಟ್ಟಿನ ದಿನಾಂಕವನ್ನೂ ಬರೆಯಿರಿ. ಗರ್ಭಕೋಶದ ಬದಲು ಅದರ ಪಕ್ಕದ ನಾಳದಲ್ಲಿ ಗರ್ಭ ನಿಂತಾಗಲೂ ಅದೇ ಜಾಗದಲ್ಲಿ ನೋವು ಬರಬಹುದು, ಅದಕ್ಕೆ ಅಪೆಂಡಿಕ್ಸ್‌ಗಿಂತ ಬೇಗ ಓಡಬೇಕಾಗುತ್ತದೆ.